ಪ್ರೆಶರ್ ನಾರ್ಮಲ್, ಓದುವುದೂ ಸರಿಯಾಗಿದೆ: ಆದರೂ ಗ್ಲಾಕೋಮಾ ಹೇಗೆ?

ಪ್ರಶ್ನೆ: ನನಗೆ 47 ವರ್ಷ. ಓದುವ ಕನ್ನಡಕಕ್ಕೆಂದು ಹೋಗಿದ್ದೆ. ಕಣ್ಣಿನ ಪ್ರೆಶರ್ 16, ನಾರ್ಮಲ್ ಅಂದರು. ಆದರೂ ಡಾಕ್ಟರು ನರ ನೋಡಿ, ಇನ್ನೆರಡು ಟೆಸ್ಟ್ ಮಾಡಿಸಿ, ಗ್ಲಾಕೋಮಾ ಶುರುವಾಗಿದೆ ಎಂದು ರಾತ್ರಿ ಹಾಕುವ ಹನಿ ಬರೆದುಕೊಟ್ಟರು. ನನಗೆ ಬೋರ್ಡಿನ ಕೊನೆಯ ಸಾಲೂ ಕಾಣುತ್ತದೆ. ಪ್ರೆಶರ್ ಸರಿಯಿದ್ದರೂ ಗ್ಲಾಕೋಮಾ ಬರುತ್ತಾ? ಬಂದಿದ್ದರೆ ನನಗೇ ಗೊತ್ತಾಗಬೇಕಿತ್ತಲ್ವಾ? ನಮ್ಮ ತಾಯಿಗೆ ಕೊನೆಗಾಲದಲ್ಲಿ ಒಂದು ಕಣ್ಣು ಕಾಣುತ್ತಿರಲಿಲ್ಲ. ವಯಸ್ಸಾಯಿತು ಅಂದುಕೊಂಡಿದ್ದೆವು. ಈ ಹನಿ ಶುರು ಮಾಡಲಾ, ಬೇಡವಾ?

ಉತ್ತರ: ಶುರು ಮಾಡಿ. ಅನುಮಾನವಿದ್ದರೆ ಇನ್ನೊಬ್ಬ ಕಣ್ಣಿನ ಡಾಕ್ಟರ ಹತ್ತಿರವೂ ತೋರಿಸಿ, ಅದರಲ್ಲಿ ತಪ್ಪೇನಿಲ್ಲ. ಆದರೆ "ಚೆನ್ನಾಗಿ ಕಾಣುತ್ತಿದೆಯಲ್ಲ" ಎಂಬ ಕಾರಣಕ್ಕೆ ಹನಿಯ ಬಾಟಲಿಯನ್ನು ಪಕ್ಕಕ್ಕಿಡಬೇಡಿ. ನಿಮ್ಮ ರಿಪೋರ್ಟುಗಳನ್ನು ನಾನು ನೋಡಿಲ್ಲ. ಆದರೂ ನಿಮ್ಮ ಡಾಕ್ಟರು 16 ಎಂಬ ಅಂಕಿಯನ್ನು ನೋಡಿ ಸುಮ್ಮನಾಗದೆ, ಗ್ಲಾಕೋಮಾ ಹಾಳುಮಾಡುವ ನರವನ್ನು, ಅಂದರೆ ಕಣ್ಣಿನಿಂದ ಮೆದುಳಿಗೆ ಹೋಗುವ ನರವನ್ನು ನೋಡಿದ್ದಾರೆ. ಅದು ನಿಮ್ಮ ಅದೃಷ್ಟ ಎಂದೇ ನಾನು ಹೇಳುತ್ತೇನೆ.

ಮೊದಲು ಆ 16ರ ವಿಷಯ ಮಾತಾಡೋಣ.

ಕಣ್ಣಿನ ಒಳಗೆ, ಮುಂಭಾಗದಲ್ಲಿ, ನೀರಿನಂಥ ಒಂದು ದ್ರವ ಸದಾ ಹುಟ್ಟುತ್ತಿರುತ್ತದೆ. ಅಳುವಾಗ ಬರುವ ಕಣ್ಣೀರಿಗೂ ಇದಕ್ಕೂ ಸಂಬಂಧವಿಲ್ಲ. ಕಣ್ಣುಗುಡ್ಡೆಯ ಒಳಗೇ ಹುಟ್ಟಿ, ಒಳಗೇ ಸುತ್ತಿ, ಬಣ್ಣದ ಪಾಪೆ ಮತ್ತು ಪಾರದರ್ಶಕ ಕಾರ್ನಿಯಾ ಸೇರುವ ಮೂಲೆಯಲ್ಲಿರುವ ಸೂಕ್ಷ್ಮ ಜಾಲರಿಯ ಮೂಲಕ ಹೊರಗೆ ಹೋಗಿ ರಕ್ತ ಸೇರುತ್ತದೆ. ಹೆಚ್ಚುಕಡಿಮೆ ಒಂದೂವರೆ ಗಂಟೆಗೊಮ್ಮೆ ಅಷ್ಟೂ ದ್ರವ ಹೊಸದಾಗುತ್ತದೆ. ಹುಟ್ಟುವುದಕ್ಕೂ ಹೊರಹೋಗುವುದಕ್ಕೂ ಹೊಂದಿಕೆ ಇದ್ದರೆ ಒತ್ತಡ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಜಾಲರಿ ವರ್ಷಗಳು ಕಳೆದಂತೆ ಬಿಗಿಯಾದರೆ ಒತ್ತಡ ಏರುತ್ತದೆ. ಇದನ್ನೇ ಕಣ್ಣಿನ ಪ್ರೆಶರ್ ಎನ್ನುವುದು. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿ ಬೇರೆ, ಇದು ಬೇರೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಕಣ್ಣಿನ ಪ್ರೆಶರ್ ತಾನಾಗಿ ಸರಿಯಿರುತ್ತದೆ ಎಂದು ನಂಬಿದವರನ್ನು ನಾನು ಬಹಳ ನೋಡಿದ್ದೇನೆ.

10ರಿಂದ 21 ಮಿಲಿಮೀಟರ್ ಪಾದರಸ ಎಂದರೆ ನಾರ್ಮಲ್ ಎಂದು ಹೇಳುವ ರೂಢಿ ಇದೆ. ಈ 21 ಎಲ್ಲಿಂದ ಬಂತು? ಬಹಳಷ್ಟು ಜನರ ಕಣ್ಣಿನ ಒತ್ತಡ ಅಳೆದು, ಸರಾಸರಿ ತೆಗೆದು, ಹೆಚ್ಚಿನವರು ಯಾವ ಎರಡು ಅಂಕಿಗಳ ನಡುವೆ ಬರುತ್ತಾರೆ ಎಂದು ಲೆಕ್ಕ ಹಾಕಿ ಗೆರೆ ಎಳೆದದ್ದು. ಅಂದರೆ ಅದು ಜನಸಮೂಹದ ಲೆಕ್ಕ. ನಿಮ್ಮ ನರ ಎಷ್ಟು ಒತ್ತಡ ತಡೆಯುತ್ತದೆ ಎಂದು ಕೇಳಿ ಎಳೆದ ಗೆರೆ ಅಲ್ಲ. ಕೆಲವರ ನರ 25ರಲ್ಲೂ ವರ್ಷಗಟ್ಟಲೆ ಏನೂ ಆಗದೆ ಇರುತ್ತದೆ. ಇನ್ನು ಕೆಲವರ ನರ 16ರಲ್ಲೇ ಸವೆಯುತ್ತದೆ. ಜಪಾನಿನ ತಾಜಿಮಿ ಎಂಬ ಊರಿನ ಜನರನ್ನು ಪರೀಕ್ಷಿಸಿದಾಗ, ಮೂಲೆ ತೆರೆದೇ ಇರುವ ಸಾಮಾನ್ಯ ಬಗೆಯ ಗ್ಲಾಕೋಮಾ ಸಿಕ್ಕವರಲ್ಲಿ ನೂರಕ್ಕೆ 92 ಜನರ ಒತ್ತಡ 21 ಅಥವಾ ಅದಕ್ಕಿಂತ ಕಡಿಮೆ ಇತ್ತು. ಎಲ್ಲ ಕಡೆ ಪ್ರಮಾಣ ಇಷ್ಟೊಂದು ಇರುವುದಿಲ್ಲ. ಆದರೆ ಒಂದೇ ಒಂದು ಸಲ ಒತ್ತಡ ಅಳೆದು "ನಿಮಗೆ ಗ್ಲಾಕೋಮಾ ಇಲ್ಲ" ಎಂದು ಕಳಿಸಿದರೆ, ಕಾಯಿಲೆ ಇರುವ ಬಹಳ ಜನ ಕೈತಪ್ಪಿ ಹೋಗುತ್ತಾರೆ ಎಂಬುದು ಎಲ್ಲ ಕಡೆಯೂ ನಿಜ.

ಅಳತೆಯಲ್ಲೂ ಎರಡು ಮೋಸ ಇವೆ. ಒತ್ತಡ ಅಳೆಯುವ ಉಪಕರಣ ಕಣ್ಣಿನ ಒಳಗೆ ಹೋಗುವುದಿಲ್ಲ. ಹೊರಗಿನಿಂದ ಕಾರ್ನಿಯಾವನ್ನು ಒಂಚೂರು ಒತ್ತಿ, ಅದು ಚಪ್ಪಟೆಯಾಗಲು ಎಷ್ಟು ಬಲ ಬೇಕಾಯಿತು ಎಂದು ನೋಡುತ್ತದೆ. ಕಾರ್ನಿಯಾ ತೆಳ್ಳಗಿದ್ದರೆ ಬೇಗ ಚಪ್ಪಟೆಯಾಗುತ್ತದೆ. ಆಗ ನಿಜವಾದ ಒತ್ತಡಕ್ಕಿಂತ ಕಡಿಮೆ ಅಂಕಿ ಬರುತ್ತದೆ. ಕಾರ್ನಿಯಾದ ನಡುವಿನ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ. ಅದು 480 ಇರುವವರಲ್ಲಿ 16 ಎಂದು ಬಂದರೆ ಆ 16ನ್ನು ನಾನು ನಂಬುವುದಿಲ್ಲ. ಕನ್ನಡಕ ಬೇಡವೆಂದು ಲೇಸರ್ ಮಾಡಿಸಿಕೊಂಡವರಲ್ಲೂ ಇದೇ ಕಥೆ, ಏಕೆಂದರೆ ಅಲ್ಲಿ ಕಾರ್ನಿಯಾವನ್ನೇ ತೆಳುಮಾಡಿರುತ್ತಾರೆ. ನೀವು ಅದನ್ನು ಮಾಡಿಸಿಕೊಂಡಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಎರಡನೆಯದು, ಒತ್ತಡ ದಿನವಿಡೀ ಒಂದೇ ಇರುವುದಿಲ್ಲ. ಆರೋಗ್ಯದ ಕಣ್ಣಲ್ಲೇ ಒಂದು ದಿನದಲ್ಲಿ ಮೂರರಿಂದ ಆರು ಅಂಕಿ ಏರಿಳಿಯುತ್ತದೆ. ಗ್ಲಾಕೋಮಾ ಇದ್ದವರಲ್ಲಿ ಇನ್ನೂ ಜಾಸ್ತಿ. ಹಲವರಲ್ಲಿ ಅದು ನಿದ್ದೆಯ ಹೊತ್ತಿನಲ್ಲಿ ಅಥವಾ ಬೆಳಗಿನ ಜಾವ ಏರುತ್ತದೆ. ಆಸ್ಪತ್ರೆಗೆ ನೀವು ಹೋಗುವುದು ಹನ್ನೊಂದು ಗಂಟೆಗೆ. ಆಗ ಸಿಕ್ಕಿದ್ದು ಹನ್ನೊಂದು ಗಂಟೆಯ ಅಂಕಿ, ಅಷ್ಟೇ.

ಹಾಗಾದರೆ ಗ್ಲಾಕೋಮಾ ಎಂದರೆ ಏನು? ಅದು ಒತ್ತಡದ ಕಾಯಿಲೆ ಅನ್ನುವುದಕ್ಕಿಂತ ನರದ ಕಾಯಿಲೆ. ಕಣ್ಣಿನ ಹಿಂಬದಿಯಲ್ಲಿ ಸುಮಾರು ಹತ್ತು ಲಕ್ಷ ನರದ ಎಳೆಗಳು ಒಂದು ಕಂತೆಯಾಗಿ ಸೇರಿ ಮೆದುಳಿನ ಕಡೆ ಹೊರಡುತ್ತವೆ. ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ಜರಡಿಯಂಥ ಒಂದು ತೆಳು ಪದರ ಇದೆ. ಎಳೆಗಳು ಆ ತೂತುಗಳಲ್ಲಿ ತೂರಿ ಹೋಗಬೇಕು. ಒತ್ತಡ ಬಿದ್ದಾಗ ಮೊದಲು ನಲುಗುವುದು ಆ ಜರಡಿ. ಅದು ಹಿಂದಕ್ಕೆ ಬಾಗುತ್ತದೆ, ತೂತುಗಳು ಸೊಟ್ಟಗಾಗುತ್ತವೆ, ನಡುವಿನ ಎಳೆಗಳು ಹಿಚುಕಿಕೊಂಡು ಒಂದೊಂದಾಗಿ ಸಾಯುತ್ತವೆ. ಯಾರ ಜರಡಿ ದುರ್ಬಲವೋ, ಯಾರ ನರಕ್ಕೆ ರಕ್ತದ ಹರಿವು ಕಡಿಮೆಯೋ, ಅವರಿಗೆ ಕಡಿಮೆ ಒತ್ತಡವೇ ಸಾಕು. ಡಾಕ್ಟರು ಒಳಗೆ ನೋಡಿದಾಗ ನರದ ತಲೆ ಒಂದು ತಟ್ಟೆಯಂತೆ, ನಡುವೆ ಒಂದು ಕುಳಿಯಂತೆ ಕಾಣುತ್ತದೆ. ಎಳೆಗಳೆಲ್ಲ ಇರುವುದು ಕುಳಿಯ ಸುತ್ತಲಿನ ಅಂಚಿನಲ್ಲಿ. ಎಳೆಗಳು ಸತ್ತಂತೆ ಅಂಚು ತೆಳ್ಳಗಾಗಿ ಕುಳಿ ದೊಡ್ಡದಾಗುತ್ತದೆ. "ಕಪ್ಪಿಂಗ್ ಇದೆ" ಎಂದು ನಿಮ್ಮ ಚೀಟಿಯಲ್ಲಿ ಬರೆದಿದ್ದರೆ ಅದರ ಅರ್ಥ ಇದು. ಕೆಲವರಿಗೆ ಹುಟ್ಟಿನಿಂದಲೇ ದೊಡ್ಡ ಕುಳಿ ಇರುತ್ತದೆ, ಅದು ಕಾಯಿಲೆಯಲ್ಲ. ಅದಕ್ಕೇ ಡಾಕ್ಟರು ಒಂದು ಕಣ್ಣನ್ನು ಇನ್ನೊಂದರ ಜೊತೆ ಹೋಲಿಸುತ್ತಾರೆ, ಅಂಚು ಯಾವ ಕಡೆ ಸವೆದಿದೆ ನೋಡುತ್ತಾರೆ, ಮತ್ತೆ ಬೇರೆ ಟೆಸ್ಟ್ ಕೇಳುತ್ತಾರೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ನಿಮಗೇ ಯಾಕೆ ಗೊತ್ತಾಗಲಿಲ್ಲ?

ಒಂದು ಸಣ್ಣ ಪ್ರಯೋಗ ಮಾಡಿ. ಎರಡೂ ಕೈ ಮುಂದೆ ಚಾಚಿ, ಎರಡು ಹೆಬ್ಬೆರಳನ್ನೂ ಅಕ್ಕಪಕ್ಕ ನೇರ ನಿಲ್ಲಿಸಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ನೆಟ್ಟು ನೋಡಿ. ದೃಷ್ಟಿ ಕದಲಿಸದೆ ಬಲ ಹೆಬ್ಬೆರಳನ್ನು ಮೆಲ್ಲಗೆ ಬಲಕ್ಕೆ ಸರಿಸಿ. ಒಂದು ಗೇಣಿಗಿಂತ ತುಸು ಕಡಿಮೆ ದೂರ ಹೋದಾಗ ಬೆರಳಿನ ತುದಿ ಮಾಯವಾಗುತ್ತದೆ. ಇನ್ನೂ ಸರಿಸಿದರೆ ಮತ್ತೆ ಬರುತ್ತದೆ. ನರ ಕಣ್ಣಿನಿಂದ ಹೊರಡುವ ಜಾಗದಲ್ಲಿ ಬೆಳಕು ಗ್ರಹಿಸುವ ಕೋಶಗಳೇ ಇಲ್ಲ, ಅದಕ್ಕೇ ಹೀಗೆ. ಇದು ಕಾಯಿಲೆಯಲ್ಲ, ಎಲ್ಲರಿಗೂ ಇರುವ ಕುರುಡು ಚುಕ್ಕೆ. ಫ್ರಾನ್ಸಿನ ಮರಿಯೋಟ್ 1660ರ ದಶಕದಲ್ಲೇ ಇದನ್ನು ತೋರಿಸಿದ್ದ.

ನಾನು ಇದನ್ನು ಮಾಡಿಸಿದ್ದು ಬೆರಳು ಮಾಯವಾಗುವುದನ್ನು ತೋರಿಸಲಿಕ್ಕಲ್ಲ. ಬೆರಳು ಇದ್ದ ಜಾಗದಲ್ಲಿ ನಿಮಗೆ ಏನು ಕಂಡಿತು ನೆನಪಿಸಿಕೊಳ್ಳಿ. ಕಪ್ಪು ತೂತು ಕಾಣಲಿಲ್ಲ, ಅಲ್ವಾ? ಹಿಂದಿನ ಗೋಡೆಯೇ ಕಂಡಿರುತ್ತದೆ. ಆ ಗೋಡೆಯನ್ನು ನಿಮ್ಮ ಕಣ್ಣು ನೋಡಿಲ್ಲ. ಸುತ್ತ ಗೋಡೆ ಇದೆ, ಇಲ್ಲೂ ಗೋಡೆಯೇ ಇರಬೇಕು ಎಂದು ಮೆದುಳು ತುಂಬಿಕೊಟ್ಟಿದೆ. ಹುಟ್ಟಿದಾಗಿನಿಂದ ನಿಮ್ಮ ನೋಟದಲ್ಲಿ ಇರುವ ಈ ತೂತನ್ನು ನೀವು ಇವತ್ತಿನವರೆಗೂ ಗಮನಿಸಿರಲಿಕ್ಕಿಲ್ಲ. ಗ್ಲಾಕೋಮಾ ಮಾಡುವ ತೂತುಗಳನ್ನೂ ಮೆದುಳು ಹೀಗೇ ತೇಪೆ ಹಾಕಿ ಮುಚ್ಚುತ್ತದೆ. ಎಷ್ಟೋ ಕಡೆ ಗ್ಲಾಕೋಮಾ ಎಂದರೆ ಸುತ್ತ ಕಪ್ಪು, ನಡುವೆ ಕೊಳವೆಯಂತೆ ಬೆಳಕು ಇರುವ ಚಿತ್ರ ಹಾಕುತ್ತಾರೆ. ನನಗೆ ಆ ಚಿತ್ರ ಕಂಡರೆ ಸಂಕಟ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗ್ಲಾಕೋಮಾ ಇರುವವರಿಗೇ ಬೇರೆ ಬೇರೆ ಚಿತ್ರ ತೋರಿಸಿ, ನಿಮಗೆ ಯಾವುದರಂತೆ ಕಾಣುತ್ತದೆ ಎಂದು ಕೇಳಿದರು. ಕಪ್ಪು ಕೊಳವೆಯ ಚಿತ್ರವನ್ನು ಒಬ್ಬರೂ ಆರಿಸಲಿಲ್ಲ. ಕೆಲವು ಕಡೆ ಮಸುಕು, ಕೆಲವು ಕಡೆ ವಸ್ತುವೇ ಇಲ್ಲ ಎಂದರು. ಎಷ್ಟೋ ಜನ ಏನೂ ವ್ಯತ್ಯಾಸವೇ ಇಲ್ಲ ಎಂದರು. ಕಪ್ಪು ಅಂಚು ಕಾಣಲಿ, ಆಮೇಲೆ ಡಾಕ್ಟರ ಹತ್ತಿರ ಹೋಗೋಣ ಎಂದು ಕಾಯುವವರಿಗೆ ಆ ಕಪ್ಪು ಕಾಣುವುದೇ ಇಲ್ಲ.

ಇನ್ನೊಂದು ಕಾರಣ ಇದೆ. ಇದನ್ನು ರೋಗಿಗಳಿಗೆ ಹೇಳುವವರು ಕಡಿಮೆ. ಗ್ಲಾಕೋಮಾ ಮೊದಲು ತಿನ್ನುವುದು ಸಾಮಾನ್ಯವಾಗಿ ಆ ಕಣ್ಣಿನ ಮೂಗಿನ ಕಡೆಯ ನೋಟವನ್ನು. ಬಲಗಣ್ಣಿಗೆ ಮೂಗಿನ ಕಡೆ ಎಂದರೆ ಎಡಭಾಗ. ಆ ಎಡಭಾಗವನ್ನು ಎಡಗಣ್ಣು ಆರಾಮಾಗಿ ನೋಡುತ್ತಿರುತ್ತದೆ. ಹಾಗಾಗಿ ಎರಡೂ ಕಣ್ಣು ತೆರೆದಿರುವಾಗ ಒಂದು ಕಣ್ಣಿನ ನಷ್ಟವನ್ನು ಇನ್ನೊಂದು ಪೂರ್ತಿ ಮುಚ್ಚಿಬಿಡುತ್ತದೆ. ಎರಡೂ ಕಣ್ಣಲ್ಲಿ ಒಂದೇ ಜಾಗ ಹೋದಾಗ ಮಾತ್ರ ಮೆಟ್ಟಿಲು ತಪ್ಪುವುದು, ಪಕ್ಕದಿಂದ ಬಂದ ಗಾಡಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡಂತೆ ಆಗುವುದು ಶುರುವಾಗುತ್ತದೆ. ಅಷ್ಟರಲ್ಲಿ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ.

ಇನ್ನು ಬೋರ್ಡಿನ ಕೊನೆಯ ಸಾಲು. ಅಕ್ಷರ ಓದಲು ನಾವು ಬಳಸುವುದು ನೋಟದ ನಟ್ಟನಡುವಿನ ಪುಟ್ಟ ಜಾಗ. ಕೈ ಚಾಚಿ ನೋಡಿದರೆ ಹೆಬ್ಬೆರಳಿನ ಉಗುರಿನಷ್ಟು ಅಗಲ. ಆ ಜಾಗದಿಂದ ಹೊರಡುವ ಎಳೆಗಳು ನರದೊಳಗೆ ಬೇರೆ ದಾರಿಯಲ್ಲಿ ಸೇರುತ್ತವೆ. ಸಾಮಾನ್ಯವಾಗಿ ಕೊನೆಗೆ ಸಾಯುವುದು ಅವು. ಆದ್ದರಿಂದ ಮುಕ್ಕಾಲು ನೋಟ ಹೋದವರೂ ಸಣ್ಣ ಅಕ್ಷರ ಸಲೀಸಾಗಿ ಓದುತ್ತಾರೆ. ಅಕ್ಷರದ ಬೋರ್ಡು ಪೊರೆಯನ್ನು ಹಿಡಿಯುತ್ತದೆ, ಕನ್ನಡಕದ ನಂಬರನ್ನು ಹಿಡಿಯುತ್ತದೆ. ಗ್ಲಾಕೋಮಾ ಮಾತ್ರ ಅದಕ್ಕೆ ಸಿಗುವುದಿಲ್ಲ.

ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಸ್ವಲ್ಪ ಬದಲಿಸಿದ್ದೇನೆ. ಅವರು ಶಾಲೆಯ ಟೀಚರ್, 52 ವರ್ಷ. ಬಂದದ್ದು ಓದುವ ಕನ್ನಡಕದ ನಂಬರ್ ಬದಲಿಸಲು. ಅದಕ್ಕೆ ಮೊದಲು ಆರು ವರ್ಷ ಬೇರೊಂದು ಕಡೆ ಪ್ರತಿವರ್ಷ ಕಣ್ಣು ತೋರಿಸಿದ್ದರು. ಪ್ರತಿ ಸಲವೂ ಗಾಳಿ ಊದುವ ಯಂತ್ರದಲ್ಲಿ ಒತ್ತಡ ನೋಡಿ, ಸರಿಯಿದೆ ಎಂದು ಕಳಿಸಿದ್ದರು. ನರವನ್ನು ಯಾರೂ ನೋಡಿರಲಿಲ್ಲ. ನಾನು ಅಳೆದಾಗ ಬಲಗಣ್ಣು 17, ಎಡಗಣ್ಣು 16. ಎರಡೂ ಕಣ್ಣಲ್ಲಿ ಕೊನೆಯ ಸಾಲು ಓದಿದರು. ಆದರೆ ನರ ನೋಡಿದರೆ, ಬಲಗಣ್ಣಿನ ಕುಳಿ ತಟ್ಟೆಯ ಹತ್ತರಲ್ಲಿ ಎಂಟು ಪಾಲು ಇತ್ತು, ಎಡಗಣ್ಣಿನದು ಹತ್ತರಲ್ಲಿ ಐದು. ಒಬ್ಬರದೇ ಎರಡು ಕಣ್ಣಿನ ನಡುವೆ ಇಷ್ಟು ವ್ಯತ್ಯಾಸ ಇರಬಾರದು. ಬಲಗಣ್ಣಿನಲ್ಲಿ ಕೆಳಗಡೆಯ ಅಂಚು ಸವೆದುಹೋಗಿತ್ತು.

ಕಾರ್ನಿಯಾ ದಪ್ಪ ನೋಡಿದೆ, 488. ತೆಳು. ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಉಳಿಸಿಕೊಂಡು ಹಲವು ಸಲ ಒತ್ತಡ ನೋಡಿದೆವು. ಮಧ್ಯಾಹ್ನ 15, ಸಂಜೆ 17, ಬೆಳಿಗ್ಗೆ ಏಳಕ್ಕೆ 21. ಕಾರ್ನಿಯಾ ತೆಳುವಿದೆ ಎಂಬುದನ್ನು ನೆನಪಿಟ್ಟುಕೊಂಡರೆ ಬೆಳಗಿನ ನಿಜವಾದ ಒತ್ತಡ ಅದಕ್ಕಿಂತಲೂ ಮೇಲಿತ್ತು ಅನ್ನಬೇಕು. ಗೋನಿಯೋಸ್ಕೋಪಿ ಎಂಬ ಪರೀಕ್ಷೆಯಲ್ಲಿ, ಅಂದರೆ ಕಣ್ಣಿನ ಮೇಲೆ ಸಣ್ಣ ಕನ್ನಡಿಯಂಥ ಲೆನ್ಸ್ ಇಟ್ಟು ದ್ರವ ಹೊರಹೋಗುವ ಮೂಲೆಯನ್ನು ನೋಡಿದಾಗ, ಅದು ತೆರೆದೇ ಇತ್ತು.

ಆಮೇಲೆ ಫೀಲ್ಡ್ ಟೆಸ್ಟ್. ನೀವೂ ಮಾಡಿಸಿದ್ದೀರಿ ಅನ್ನಿಸುತ್ತದೆ. ಗುಮ್ಮಟದಂಥ ಯಂತ್ರದೊಳಗೆ ಮುಖವಿಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅಲ್ಲಲ್ಲಿ ಬೆಳಕಿನ ಚುಕ್ಕೆ ಮಿನುಗಿದಾಗ ಗುಂಡಿ ಒತ್ತಬೇಕು. ಸಾಮಾನ್ಯವಾಗಿ ಬಳಸುವ 24-2 ಎಂಬ ಬಗೆಯಲ್ಲಿ 54 ಜಾಗ ನೋಡುತ್ತಾರೆ. ಟೀಚರ ಬಲಗಣ್ಣಿನಲ್ಲಿ ಮೂಗಿನ ಕಡೆ, ಮೇಲ್ಭಾಗದಲ್ಲಿ, ಬಿಲ್ಲಿನಂತೆ ಬಾಗಿದ ಒಂಬತ್ತು ಜಾಗ ಮಂಕಾಗಿದ್ದವು. ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ನರದ ಕೆಳ ಅಂಚು ಸವೆದರೆ ಮೇಲಿನ ನೋಟ ಹೋಗುತ್ತದೆ. ನರದಲ್ಲಿ ಕಂಡದ್ದೂ ಫೀಲ್ಡಿನಲ್ಲಿ ಕಂಡದ್ದೂ ಸರಿಯಾಗಿ ತಾಳೆಯಾಯಿತು. ಈ ತಾಳೆ ಮುಖ್ಯ. ಮೊದಲ ಸಲ ಫೀಲ್ಡ್ ಟೆಸ್ಟ್ ಮಾಡುವವರು ಗಾಬರಿಯಲ್ಲೋ ನಿದ್ದೆಗಣ್ಣಲ್ಲೋ ತಪ್ಪು ಒತ್ತುವುದು ಸಾಮಾನ್ಯ. ಅದಕ್ಕೇ ಎರಡು ವಾರ ಬಿಟ್ಟು ಮತ್ತೆ ಮಾಡಿಸಿದೆ. ಅದೇ ಬಿಲ್ಲು, ಅದೇ ಜಾಗ.

ಅವರು ಒಪ್ಪಲೇ ಇಲ್ಲ. "ನಾನು ದಿನವೂ ಗಾಡಿ ಓಡಿಸ್ತೀನಿ, ಹಿಂದಿನ ಬೆಂಚಿನ ಮಕ್ಕಳ ಪುಸ್ತಕವೂ ಕಾಣತ್ತೆ" ಎಂದರು. ಎಡಗಣ್ಣು ಮುಚ್ಚಿಸಿ, ನನ್ನ ಮೂಗನ್ನೇ ನೋಡಲು ಹೇಳಿ, ಅವರ ಎಡಕ್ಕೆ ಮೇಲ್ಗಡೆ ಪೆನ್ನಿನ ಕೆಂಪು ಮುಚ್ಚಳ ಹಿಡಿದೆ. "ಏನಾದರೂ ಕಾಣಿಸ್ತಿದೆಯಾ?" ಎಂದೆ. "ಇಲ್ಲ, ಖಾಲಿ" ಎಂದರು. ಎಡಗಣ್ಣು ತೆರೆಯಿರಿ ಎಂದೆ. ಮುಚ್ಚಳ ಕಂಡಿತು. ಸ್ವಲ್ಪ ಹೊತ್ತು ಮಾತಾಡಲಿಲ್ಲ ಅವರು.

ದಯವಿಟ್ಟು ಇದನ್ನು ಮನೆಯಲ್ಲಿ ಮಾಡಿಕೊಂಡು "ನನಗೆ ಎಲ್ಲ ಕಾಣಿಸಿತು, ಏನಿಲ್ಲ" ಎಂದು ತೀರ್ಮಾನಿಸಬೇಡಿ. ಮುಚ್ಚಳ ಮಾಯವಾಗಬೇಕಾದರೆ ಹಾನಿ ಸಾಕಷ್ಟು ಆಗಿರಬೇಕು. ಯಂತ್ರದ ಫೀಲ್ಡ್ ಟೆಸ್ಟಿನಲ್ಲಿ ಮೊದಲ ಬದಲಾವಣೆ ಕಾಣುವ ಹೊತ್ತಿಗೇ ನರದ ಎಳೆಗಳಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಹೋಗಿರುತ್ತದೆ. ಅದಕ್ಕೂ ಮೊದಲೇ ಹಿಡಿಯಲು ಓಸಿಟಿ ಸ್ಕ್ಯಾನ್ ನೆರವಾಗುತ್ತದೆ. ಅದು ಬೆಳಕಿನಿಂದ ನರದ ಪದರದ ದಪ್ಪ ಅಳೆಯುತ್ತದೆ, ಕಣ್ಣಿಗೆ ಏನೂ ತಾಗುವುದಿಲ್ಲ. ಆದರೆ ಮೈನಸ್ ನಂಬರ್ ಜಾಸ್ತಿ ಇರುವವರಲ್ಲಿ ಓಸಿಟಿ ನರದ ಪದರ ತೆಳುವಾಗಿದೆ ಎಂದು ಸುಮ್ನೆ ಕೆಂಪು ಬಣ್ಣ ತೋರಿಸಿ ಹೆದರಿಸುವುದೂ ಉಂಟು. ಯಾವ ಒಂದು ಟೆಸ್ಟನ್ನೂ ಒಂಟಿಯಾಗಿ ನಂಬುವ ಹಾಗಿಲ್ಲ.

ಟೀಚರಿಗೆ ನಾನು ಗುರಿ ಇಟ್ಟದ್ದು 14. ಯಾಕೆ 14? ಒತ್ತಡ ನಾರ್ಮಲ್ ಇದ್ದೂ ಗ್ಲಾಕೋಮಾ ಇರುವವರ ಮೇಲೆ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 1998ರಲ್ಲಿ ಬಂತು. ಒಂದು ಗುಂಪಿಗೆ ಒತ್ತಡವನ್ನು 30 ಶೇಕಡಾ ಇಳಿಸಿದರು, ಇನ್ನೊಂದು ಗುಂಪನ್ನು ಹಾಗೇ ಬಿಟ್ಟು ಗಮನಿಸಿದರು. ಬಿಟ್ಟ ಗುಂಪಿನಲ್ಲಿ ನೂರಕ್ಕೆ 35 ಕಣ್ಣುಗಳಲ್ಲಿ ಕಾಯಿಲೆ ಮುಂದುವರಿಯಿತು. ಇಳಿಸಿದ ಗುಂಪಿನಲ್ಲಿ ನೂರಕ್ಕೆ 12. ಟೀಚರ ಬೆಳಗಿನ 21ನ್ನು ಅಷ್ಟೇ ಇಳಿಸಿದರೆ 15ಕ್ಕಿಂತ ತುಸು ಕೆಳಗೆ ಬರುತ್ತದೆ, ಅದಕ್ಕೇ 14. ನಿಮ್ಮ ಮೊದಲ ಪ್ರಶ್ನೆಗೆ ಇದೇ ನಿಜವಾದ ಉತ್ತರ. ಅಂಕಿ ನಾರ್ಮಲ್ ಇದ್ದರೂ, ಆ ಕಣ್ಣಿಗೆ ಅದು ಜಾಸ್ತಿ. ಇಳಿಸಿದರೆ ಉಪಯೋಗ ಇದೆ. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು: ಔಷಧಿ ಇಲ್ಲದೆಯೂ ಆ ಅವಧಿಯಲ್ಲಿ ಕೆಡದ ಕಣ್ಣುಗಳು ಬಹಳ ಇದ್ದವು. ನಿಮ್ಮ ಕಣ್ಣು ಯಾವ ಗುಂಪಿನದು ಎಂದು ಇವತ್ತೇ ಹೇಳುವ ದಾರಿ ಇಲ್ಲ. ಹೋದ ನೋಟವನ್ನು ಹನಿ, ಲೇಸರ್, ಆಪರೇಷನ್ ಯಾವುದೂ ಮರಳಿ ತರುವುದಿಲ್ಲ. ನಿಮಗೆ 47, ಮುಂದೆ ಇನ್ನೂ ಹಲವು ದಶಕ ಕಣ್ಣು ಬೇಕು. ತಾಯಿಯ ಕಥೆಯೂ ಇದೆ. ಇದನ್ನೆಲ್ಲ ಸೇರಿಸಿಯೇ ನಾನು ಶುರು ಮಾಡಿ ಎಂದದ್ದು.

ಟೀಚರಿಗೂ ನಿಮ್ಮಂತೆಯೇ ರಾತ್ರಿ ಒಂದು ಹನಿ ಕೊಟ್ಟೆ. ಆರು ವಾರಕ್ಕೆ ಒತ್ತಡ 14ಕ್ಕೆ ಇಳಿಯಿತು. ಮುಂದಿನ ಭೇಟಿಗಳಲ್ಲೂ 14, 13, 14. ನನಗೆ ಸಮಾಧಾನವಾಗಿತ್ತು. ಎರಡನೇ ವರ್ಷ ಫೀಲ್ಡ್ ಟೆಸ್ಟ್ ಮಾಡಿದರೆ, ಒಂಬತ್ತು ಇದ್ದ ಮಂಕು ಜಾಗ ಹದಿನಾಲ್ಕಾಗಿತ್ತು. ಒತ್ತಡ ಸರಿಯಿದ್ದೂ ಹೀಗೇಕೆ ಎಂದು ತಲೆ ಕೆಡಿಸಿಕೊಂಡು, ಮೆತ್ತಗೆ ಕೇಳಿದೆ. ಆಗ ಹೇಳಿದರು. ಹನಿ ಹಾಕಿದರೆ ಕಣ್ಣು ಕೆಂಪಾಗುತ್ತಿತ್ತು, ಮಕ್ಕಳೆಲ್ಲ ಕೇಳುತ್ತಿದ್ದರು. ಅದಕ್ಕೆ ನಿಲ್ಲಿಸಿದ್ದರು. ನನ್ನ ಹತ್ತಿರ ಬರುವ ವಾರ ಮಾತ್ರ ಹಾಕಿಕೊಂಡು ಬರುತ್ತಿದ್ದರು. ಈ ಬಗೆಯ ಹನಿ ಕೆಲವೇ ದಿನಗಳಲ್ಲಿ ಒತ್ತಡ ಇಳಿಸುವುದರಿಂದ ನನಗೆ ಗೊತ್ತಾಗಲಿಲ್ಲ. ಅವರನ್ನು ಬೈಯುವ ಮಾತೇ ಇಲ್ಲ. ಕಣ್ಣು ಕೆಂಪಾಗಬಹುದು, ಆದರೆ ಹೇಳಿದರೆ ಬದಲಿಸಬಹುದು ಎಂದು ಮೊದಲ ದಿನವೇ ನಾನು ಕೂತು ವಿವರಿಸಬೇಕಿತ್ತು. ಕಣ್ಣಿನಲ್ಲಿ ಸ್ವಲ್ಪವೂ ವ್ಯತ್ಯಾಸ ತೋರಿಸದ ಔಷಧಿಯನ್ನು, ಉರಿ ಕೆಂಪು ಸಹಿಸಿಕೊಂಡು, ದಿನವೂ ಹಾಕಿಕೊಳ್ಳುವುದು ಸುಲಭವಲ್ಲ.

ಆಮೇಲೆ ಅವರಿಗೆ ಲೇಸರ್ ಮಾಡಿದೆ. ದ್ರವ ಹೊರಹೋಗುವ ಜಾಲರಿಗೆ ಕೆಲವೇ ನಿಮಿಷ ಮಾಡುವ ಲೇಸರ್ ಇದು, ಕನ್ನಡಕ ತೆಗೆಸುವ ಲೇಸರ್ ಅಲ್ಲ. 2019ರಲ್ಲಿ ಬಂದ ಒಂದು ಬ್ರಿಟಿಷ್ ಪ್ರಯೋಗದಲ್ಲಿ, ಹನಿಯ ಬದಲು ಮೊದಲೇ ಈ ಲೇಸರ್ ಮಾಡಿಸಿಕೊಂಡವರಲ್ಲಿ ನಾಲ್ಕರಲ್ಲಿ ಮೂವರಷ್ಟು ಜನ ಮೂರು ವರ್ಷ ಹನಿ ಇಲ್ಲದೆ ಗುರಿ ಕಾಯ್ದುಕೊಂಡರು. ಹಾಗಾಗಿ ನೀವೂ ನಿಮ್ಮ ಡಾಕ್ಟರನ್ನು ಇದರ ಬಗ್ಗೆ ಕೇಳಬಹುದು. ಆದರೆ ಒತ್ತಡ ಮೊದಲೇ ಕಡಿಮೆ ಇರುವ ಕಣ್ಣಲ್ಲಿ ಲೇಸರ್ ಇಳಿಸುವುದೂ ಕಡಿಮೆಯೇ, ಮತ್ತು ವರ್ಷಗಳು ಕಳೆದಂತೆ ಅದರ ಪರಿಣಾಮ ಮಾಸುತ್ತದೆ. ಟೀಚರಿಗೆ ಲೇಸರಿನಿಂದ 16 ಬಂತು, ಸಾಲಲಿಲ್ಲ. ಪ್ರಿಸರ್ವೇಟಿವ್ ಇಲ್ಲದ ಬೇರೆ ಹನಿ ಸೇರಿಸಿದೆ, ಕೆಂಪಾಗಲಿಲ್ಲ. 13 ಆಯಿತು. ಆಮೇಲಿನ ನಾಲ್ಕು ವರ್ಷದಲ್ಲಿ ಹದಿನಾಲ್ಕು ಜಾಗ ಹದಿನಾಲ್ಕಾಗಿಯೇ ಉಳಿದಿದೆ. ಆ ಐದು ಜಾಗ ಹೋದದ್ದು ಹೋದದ್ದೇ. ನನಗೆ ಅದು ಇವತ್ತಿಗೂ ಕೊರೆಯುತ್ತದೆ.

ನಿಮ್ಮ ಹನಿಯ ವಿಷಯದಲ್ಲಿ ಎರಡು ಮಾತು. ಕೆಳಗಿನ ರೆಪ್ಪೆ ಎಳೆದು ಒಂದೇ ಹನಿ ಹಾಕಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಆಗ ಔಷಧಿ ಮೂಗಿಗೆ, ಗಂಟಲಿಗೆ ಇಳಿಯದೆ ಕಣ್ಣಲ್ಲೇ ನಿಲ್ಲುತ್ತದೆ. ರಾತ್ರಿ ಹಾಕುವ ಹನಿಗಳಲ್ಲಿ ಹೆಚ್ಚಿನವು ರೆಪ್ಪೆಗೂದಲು ಉದ್ದ ಮಾಡುತ್ತವೆ, ರೆಪ್ಪೆಯ ಚರ್ಮ ಸ್ವಲ್ಪ ಕಪ್ಪಾಗಿಸುತ್ತವೆ, ಅದಕ್ಕೆ ಹೆದರಬೇಕಿಲ್ಲ. ಮುಂದೆ ಯಾವಾಗಲಾದರೂ ಟಿಮೋಲಾಲ್ ಇರುವ ಹನಿ ಬರೆದರೆ, ನಿಮಗೆ ಆಸ್ತಮಾ ಇದ್ದರೆ ಅಥವಾ ನಾಡಿ ನಿಧಾನ ಇದ್ದರೆ ಬರೆಯುವ ಮೊದಲೇ ಹೇಳಿ. ಸ್ಟೀರಾಯ್ಡ್ ಇರುವ ಕಣ್ಣಿನ ಹನಿಯನ್ನು ಅಲರ್ಜಿಗೆಂದು ತಾವೇ ಕೊಂಡು ತಿಂಗಳುಗಟ್ಟಲೆ ಹಾಕಿಕೊಳ್ಳುವವರಿದ್ದಾರೆ. ಕೆಲವರಲ್ಲಿ ಅದು ಒತ್ತಡವನ್ನು ವಿಪರೀತ ಏರಿಸಿ ಗ್ಲಾಕೋಮಾವನ್ನೇ ತರುತ್ತದೆ. ಅದನ್ನು ಮುಟ್ಟಬೇಡಿ.

ಮುಂದಿನ ಭೇಟಿಗೆ ಹೋಗುವಾಗ ನಿಮ್ಮ ಕಾರ್ನಿಯಾ ದಪ್ಪ ಎಷ್ಟು, ಮೂಲೆ ತೆರೆದಿದೆಯಾ, ಗುರಿ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮೊದಲ ಫೀಲ್ಡ್ ಟೆಸ್ಟ್ ಮತ್ತು ಓಸಿಟಿಯ ಪ್ರತಿ ಎಂದೆಂದಿಗೂ ಜೋಪಾನ. ಗ್ಲಾಕೋಮಾದಲ್ಲಿ ಇವತ್ತಿನ ರಿಪೋರ್ಟಿಗೆ ಬೆಲೆ ಬರುವುದು ಹಿಂದಿನದರ ಪಕ್ಕದಲ್ಲಿಟ್ಟಾಗ. ಮೊದಲ ಎರಡು ವರ್ಷ ಫೀಲ್ಡ್ ಟೆಸ್ಟನ್ನು ಸ್ವಲ್ಪ ಪದೇ ಪದೇ ಮಾಡಿಸುತ್ತಾರೆ. ಕಾಯಿಲೆ ಓಡುತ್ತಿದೆಯೋ ನಿಂತಿದೆಯೋ ಎಂದು ತಿಳಿಯುವುದು ಹಾಗೆಯೇ.

ಮೂಲೆ ಕಿರಿದು ಎಂದು ಅವರು ಹೇಳಿದರೆ ಮಾತ್ರ ಲೆಕ್ಕ ಬೇರೆ. ಅಂಥ ಕಣ್ಣಲ್ಲಿ ಒತ್ತಡ ಒಮ್ಮೆಲೇ ಏರಬಹುದು. ಕಣ್ಣು ಕೆಂಪಾಗಿ ವಿಪರೀತ ನೋವು, ದೀಪದ ಸುತ್ತ ಬಣ್ಣದ ಬಳೆ, ಮಂಜು ನೋಟ, ವಾಂತಿ. ಹಾಗಾದರೆ ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ ಹೊರಡಬೇಕು.

ನಿಮ್ಮ ತಾಯಿಯ ಕಣ್ಣಿಗೆ ಏನಾಗಿತ್ತೋ ಈಗ ಹೇಳಲಾಗದು. ಪೊರೆಯೂ ಇರಬಹುದು, ಬೇರೆಯೂ ಇರಬಹುದು. ಆದರೆ ನಿಮಗೆ ಈಗ ಕಾಯಿಲೆ ಸಿಕ್ಕಿದೆ. ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಇದರ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ. ಮನೆಯಲ್ಲಿ ಯಾರಿಗೂ ಇಲ್ಲದವರು 40ಕ್ಕೆ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ, ಆಮೇಲೆ ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ, 65 ದಾಟಿದ ಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ನೋಡಿಸಿದರೆ ಸಾಕು. ನಿಮ್ಮ ಅಣ್ಣತಮ್ಮ, ಅಕ್ಕತಂಗಿಯರು ಅಷ್ಟು ಕಾಯುವುದು ಬೇಡ, ಈಗಲೇ ಹೋಗಲಿ. ಹೋದಾಗ "ಕಣ್ಣು ಟೆಸ್ಟ್ ಮಾಡಿ" ಎಂದಷ್ಟೇ ಹೇಳಿದರೆ ಕನ್ನಡಕದ ನಂಬರ್ ಕೊಟ್ಟು ಕಳಿಸಬಹುದು. "ನಮ್ಮ ಮನೆಯಲ್ಲಿ ಗ್ಲಾಕೋಮಾ ಇದೆ, ನರ ನೋಡಿ" ಎಂದು ಹೇಳಲಿ. ಪಾಪೆ ಅಗಲವಾಗುವ ಹನಿ ಹಾಕಬಹುದು, ಆಮೇಲೆ ನಾಲ್ಕೈದು ಗಂಟೆ ಮಂಜಾಗಿರುತ್ತದೆ. ಗಾಡಿ ಓಡಿಸಿಕೊಂಡು ಹೋಗದೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಲಿ.